ಹತ್ತು ಜನ, ಮೂರು ಕಾಫಿ: ಬಾಯಿಗೆ ವ್ಯತ್ಯಾಸ ಗೊತ್ತಾಗುತ್ತೆ, ಲೆಕ್ಕದಲ್ಲಿ ಯಾಕೆ ಇಲ್ಲ?

ಸಹನಾ (ಹಾಸನ)

ಎಲ್ಲರಿಗೂ ನಮಸ್ಕಾರ. ಆಹಾರ ವಿಜ್ಞಾನದ ಎಂಎಸ್ಸಿ ಕೊನೆ ವರ್ಷದ ಪ್ರಾಜೆಕ್ಟ್ ಮಾಡ್ತಿದ್ದೇನೆ. ಮೂರು ಥರದ ಕಾಫಿಪುಡಿ ತಗೊಂಡೆ. ಒಂದರಲ್ಲಿ ಚಿಕೋರಿ ಇಲ್ಲ, ಒಂದರಲ್ಲಿ 20 ಪರ್ಸೆಂಟ್, ಇನ್ನೊಂದರಲ್ಲಿ 40. ಹಾಲು, ಸಕ್ಕರೆ, ಫಿಲ್ಟರ್ ಎಲ್ಲ ಒಂದೇ. ಹತ್ತು ಜನ ಮೂರನ್ನೂ ಕುಡಿದು 1ರಿಂದ 9ರವರೆಗೆ ಅಂಕ ಕೊಟ್ಟರು. 9 ಅಂದ್ರೆ ತುಂಬಾ ಇಷ್ಟ, 5 ಅಂದ್ರೆ ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ.

```
ವ್ಯಕ್ತಿ  C0  C20  C40
1       7   9    8
2       3   5    5
3       7   8    5
4       4   5    2
5       8   7    6
6       2   4    3
7       6   6    4
8       3   6    4
9       8   9    7
10      4   6    5
```

ಸರಾಸರಿ ಕ್ರಮವಾಗಿ 5.2, 6.5, 4.9. ಕುಡಿದವರಲ್ಲಿ ಮುಕ್ಕಾಲು ಪಾಲು ಜನ 20ರದ್ದೇ ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳಿದರು. ಮೂರು ಗುಂಪು, ಅಂಕಗಳು ನಾರ್ಮಲ್ ಅಲ್ಲ ಅಂತ ಕ್ರುಸ್ಕಲ್-ವಾಲಿಸ್ ಟೆಸ್ಟ್ ಹಾಕಿದೆ. 3.45 ಬಂತು, ಪಿ ಬೆಲೆ 0.18, ವಾಡಿಕೆಯ 0.05ರ ಗಡಿಗಿಂತ ತುಂಬಾ ಮೇಲೆ. ಅಂದ್ರೆ ಏನೂ ವ್ಯತ್ಯಾಸ ಇಲ್ಲ! ಎರಡು ದಿನದಿಂದ ಇದನ್ನೇ ನೋಡ್ತಾ ಕೂತಿದ್ದೇನೆ. ಎಲ್ಲಿ ತಪ್ಪಿದೆ?

ಮಂಜುನಾಥ (ದಾವಣಗೆರೆ)

ಸಹನಾ ಅವರೇ, ಟೆಸ್ಟ್ ತಪ್ಪು. ಒಬ್ಬರೇ ಮೂರೂ ಕುಡಿದಿದ್ದಾರೆ ಅಲ್ವಾ? ಫ್ರೀಡ್‌ಮನ್ ಟೆಸ್ಟ್ ಹಾಕಬೇಕು. ಎರಡನ್ನ ಜೋಡಿಯಾಗಿ ಹೋಲಿಸೋ ವಿಲ್ಕಾಕ್ಸನ್ ಟೆಸ್ಟ್ ಇದೆಯಲ್ಲ, ಅದನ್ನೇ ಮೂರು ಗುಂಪಿಗೆ ಹಿಗ್ಗಿಸಿದ್ದು ಅಷ್ಟೇ. ಆದರೆ ಹತ್ತು ಜನ ಸಾಲದು. ಕಮ್ಮಿ ಅಂದ್ರೂ 30 ಜನ ಇಲ್ಲದಿದ್ರೆ ಯಾವ ಟೆಸ್ಟೂ ನಂಬೋಕೆ ಆಗಲ್ಲ.

ವಸುಧಾ (ಮೈಸೂರು)

ಮಂಜುನಾಥ್ ಹೇಳಿದ ಟೆಸ್ಟ್ ಸರಿ. ಅವರ ವಿಲ್ಕಾಕ್ಸನ್ ಮಾತು, 30 ಜನದ ಮಾತು ಮಾತ್ರ ಸರಿಯಿಲ್ಲ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಸಹನಾ ಅವರ ಪಟ್ಟಿಯಲ್ಲೇ ಇರೋದನ್ನ ನೋಡೋಣ.

1ನೇ ವ್ಯಕ್ತಿ ಮತ್ತು 6ನೇ ವ್ಯಕ್ತಿಯನ್ನ ಪಕ್ಕಪಕ್ಕ ಇಡಿ. ಒಬ್ಬರು 7, 9, 8 ಕೊಟ್ಟಿದ್ದಾರೆ. ಇನ್ನೊಬ್ಬರು 2, 4, 3. ಮೊದಲನೆಯವರು ಧಾರಾಳ ಕೈ, ಎರಡನೆಯವರು ಬಿಗಿ ಕೈ. ಆದರೆ ಇಬ್ಬರೂ ಹೇಳ್ತಿರೋದು ಒಂದೇ ಮಾತು: 20ರದ್ದು ಮೇಲು, ಆಮೇಲೆ 40, ಕೊನೆಗೆ ಚಿಕೋರಿ ಇಲ್ಲದ್ದು.

ಕ್ರುಸ್ಕಲ್-ವಾಲಿಸ್‌ಗೆ ಇದು ಕಾಣೋದೇ ಇಲ್ಲ. ಅದು 30 ಅಂಕಗಳನ್ನೂ ಒಂದೇ ರಾಶಿ ಹಾಕಿ 1ರಿಂದ 30ರವರೆಗೆ ರ‍್ಯಾಂಕ್ ಕೊಡುತ್ತೆ. ಅಲ್ಲಿ 6ನೇ ವ್ಯಕ್ತಿಯ ಅತಿ ಇಷ್ಟದ ಕಾಫಿಯ 4, 1ನೇ ವ್ಯಕ್ತಿಯ ಅತಿ ಕಡಿಮೆ ಇಷ್ಟದ 7ಕ್ಕಿಂತ ತುಂಬಾ ಕೆಳಗೆ ಬೀಳುತ್ತೆ. ಜನರ ಕೈಯ ಧಾರಾಳ, ಬಿಗಿ ಎಲ್ಲ ಸೇರಿ ಕಾಫಿಯ ವ್ಯತ್ಯಾಸವನ್ನ ಮುಚ್ಚಿಬಿಡುತ್ತೆ. ನಿಮ್ಮ 0.18 ಬಂದದ್ದು ಹಾಗೆ. ಅದಕ್ಕಿಂತ ಮುಖ್ಯವಾಗಿ, ಆ ಟೆಸ್ಟ್ ಮೂವತ್ತು ಬೇರೆ ಬೇರೆ ಜನ ಅಂತ ಅಂದುಕೊಂಡು ಲೆಕ್ಕ ಹಾಕುತ್ತೆ. ನಿಮ್ಮಲ್ಲಿ ಇರೋದು ಹತ್ತೇ ಜನ.

ಫ್ರೀಡ್‌ಮನ್‌ನಲ್ಲಿ ರ‍್ಯಾಂಕ್ ಕೊಡೋದು ಒಬ್ಬೊಬ್ಬರ ಸಾಲಿನ ಒಳಗೆ ಮಾತ್ರ. ಕಡಿಮೆ ಅಂಕಕ್ಕೆ 1, ಹೆಚ್ಚಿಗೆ 3. ಆಗ 7, 9, 8 ಆಗಲಿ 2, 4, 3 ಆಗಲಿ, ಎರಡೂ 1, 3, 2 ಆಗುತ್ತೆ. ಕೈ ಎಷ್ಟು ಬಿಗಿ ಅನ್ನೋದು ಅಲ್ಲೇ ಕಳಚಿ ಬೀಳುತ್ತೆ. ಇದನ್ನ 1937ರಲ್ಲಿ ಕೊಟ್ಟವರು ಮಿಲ್ಟನ್ ಫ್ರೀಡ್‌ಮನ್. 1976ರಲ್ಲಿ ಅರ್ಥಶಾಸ್ತ್ರಕ್ಕೆ ನೊಬೆಲ್ ಪಡೆದವರೂ ಅವರೇ. ಎಷ್ಟೋ ಜನಕ್ಕೆ ಇದು ಗೊತ್ತಿರಲ್ಲ.

ನಿಮ್ಮ ಕೈಯಿಂದಲೇ ಒಮ್ಮೆ ಮಾಡಿ ನೋಡಿ. ಹತ್ತೇ ಸಾಲು. ಪೆನ್ನು ಕಾಗದ ಸಾಕು.

ಸಹನಾ (ಹಾಸನ)

ವಸುಧಾ ಮೇಡಂ, ತುಂಬಾ ಥ್ಯಾಂಕ್ಸ್. 1ನ್ನೂ 6ನ್ನೂ ಪಕ್ಕ ಇಟ್ಟ ತಕ್ಷಣ ಅರ್ಥ ಆಯ್ತು.

ಮಾಡಿದೆ, ಆದ್ರೆ ಎರಡು ಕಡೆ ಸಿಕ್ಕಿಹಾಕಿಕೊಂಡೆ. ಮೊದಲು ಎಕ್ಸೆಲ್‌ನಲ್ಲಿ `RANK.EQ` ಹಾಕಿದೆ. ಮೂರು ಕಾಲಂಗಳ ರ‍್ಯಾಂಕ್ ಕೂಡಿದ್ರೆ ಒಟ್ಟು 58 ಬಂತು. ಹತ್ತು ಜನಕ್ಕೆ ತಲಾ 1+2+3 ಅಂದ್ರೆ 60 ಬರಬೇಕಲ್ವಾ? ನೋಡಿದ್ರೆ 2ನೇ ಮತ್ತು 7ನೇ ವ್ಯಕ್ತಿಯ ಸಾಲುಗಳಲ್ಲಿ ಒಂದೇ ಅಂಕ ಎರಡು ಸಲ ಇದೆ. ಅಲ್ಲಿ ಎಕ್ಸೆಲ್ ಎರಡಕ್ಕೂ 2 ಕೊಟ್ಟಿದೆ. ಎರಡೂ ಸಾಲು 5ಕ್ಕೇ ನಿಂತಿವೆ.

`RANK.AVG` ಹಾಕಿದ ಮೇಲೆ ಅವೆರಡಕ್ಕೂ 2.5 ಬಂತು. ಈಗ ಮೊತ್ತಗಳು 16.5, 28, 15.5. ಒಟ್ಟು 60. ಆಮೇಲೆ ಪುಸ್ತಕದಲ್ಲಿದ್ದ ಸೂತ್ರ ಹಾಕಿದೆ:

```
12/(10*3*4) * (16.5^2 + 28^2 + 15.5^2) - 3*10*4
= 0.1 * 1296.5 - 120
= 9.65
```

ಆರ್ ಸಾಫ್ಟ್‌ವೇರ್‌ನಲ್ಲಿ ಹಾಕಿದ್ರೆ ಬೇರೆ ಬರ್ತಿದೆ:

```r
m <- matrix(c(7,9,8, 3,5,5, 7,8,5, 4,5,2, 8,7,6,
              2,4,3, 6,6,4, 3,6,4, 8,9,7, 4,6,5),
            ncol = 3, byrow = TRUE)
friedman.test(m)
# Friedman chi-squared = 10.158, df = 2, p-value = 0.006226
```

9.65 ಸರಿಯೋ 10.158 ಸರಿಯೋ?

ವಸುಧಾ (ಮೈಸೂರು)

ನಿಮ್ಮ ಕೈಲೆಕ್ಕದಲ್ಲಿ ತಪ್ಪಿಲ್ಲ. ಸೂತ್ರ ಅರ್ಧ ಮಾತ್ರ ಇದೆ. ಎಲ್ಲರೂ ಮೂರಕ್ಕೂ ಬೇರೆ ಬೇರೆ ಅಂಕ ಕೊಟ್ಟಿದ್ದರೆ ಅಷ್ಟೇ ಸಾಕಿತ್ತು. ಸಮ ಅಂಕ ಇರುವ ಸಾಲಿನಲ್ಲಿ ರ‍್ಯಾಂಕ್‌ಗಳು 1, 2, 3ರಷ್ಟು ಹರಡಿಕೊಳ್ಳಲ್ಲ. 1, 2.5, 2.5 ಹತ್ತಿರ ಹತ್ತಿರ ಕೂತಿವೆ. ಅಷ್ಟು ಹರವು ಕಮ್ಮಿ ಆದದ್ದನ್ನ ಸರಿಮಾಡಿಕೊಳ್ಳಬೇಕು.

ಎರಡು ಅಂಕ ಸಮ ಆದ ಪ್ರತಿ ಸಾಲಿಗೆ 2ರ ಘನದಿಂದ 2 ಕಳೆದರೆ 6. ನಿಮ್ಮಲ್ಲಿ ಅಂಥ ಸಾಲು ಎರಡು, ಅಂದ್ರೆ 12. ಅದನ್ನ 10 × (27 − 3), ಅಂದ್ರೆ 240ರಿಂದ ಭಾಗಿಸಿ 1ರಿಂದ ಕಳೆಯಿರಿ. 0.95 ಬರುತ್ತೆ. 9.65ನ್ನ 0.95ರಿಂದ ಭಾಗಿಸಿ, 10.158 ಸಿಗುತ್ತೆ. ಆರ್ ಮಾಡಿದ್ದು ಇಷ್ಟೇ. ವರದಿಯಲ್ಲಿ 10.16 ಬರೀರಿ.

ಪ್ರತಿ ಸಾಲು 6 ಆಗಬೇಕು ಅಂತ ನೀವೇ ಕಂಡುಕೊಂಡದ್ದು ನೋಡಿ ಖುಷಿ ಆಯ್ತು. ಇನ್ನೊಂದು ಪರೀಕ್ಷೆ ಅದೇ ಪರದೆಯಲ್ಲಿದೆ: `df = 2`. ಮೂರು ಕಾಫಿ, ಒಂದು ಕಮ್ಮಿ. ಅಲ್ಲಿ `df = 9` ಕಂಡರೆ ಪಟ್ಟಿ ತಿರುವಿ ಬಿದ್ದಿದೆ ಅಂತ ಅರ್ಥ. ಸಾಲು, ಕಾಲಂ ಅದಲುಬದಲಾಗಿ, ಹತ್ತು ಜನ ಒಬ್ಬರಿಗೊಬ್ಬರು ಬೇರೆಯೇ ಅನ್ನೋ ಪ್ರಶ್ನೆಗೆ ಉತ್ತರ ಬಂದಿರುತ್ತೆ. ಪಿ ಬೆಲೆ ತುಂಬಾ ಚಿಕ್ಕದಾಗಿಯೂ ಬರಬಹುದು, ನೋಡಿ ಮೋಸ ಹೋಗ್ತೀವಿ. ವಿದ್ಯಾರ್ಥಿಗಳ ವರದಿಗಳಲ್ಲಿ ನಾನು ಜಾಸ್ತಿ ಸಲ ಕಂಡ ತಪ್ಪು ಇದೇ.

ಮಂಜುನಾಥ್, 30 ಜನದ ಮಾತಿಗೆ ಬರ್ತೀನಿ. ಮೂರೇ ಜನ ಇದ್ದಾರೆ ಅಂದುಕೊಳ್ಳಿ. ಮೂವರೂ ಒಂದೇ ಕ್ರಮದಲ್ಲಿ ರ‍್ಯಾಂಕ್ ಕೊಟ್ಟರು. ಮೊದಲನೆಯವರು ಏನೇ ಕ್ರಮ ಕೊಡಲಿ, ಉಳಿದ ಇಬ್ಬರೂ ಸುಮ್ನೆ ಆಕಸ್ಮಿಕವಾಗಿ ಅದೇ ಕ್ರಮ ಕೊಡೋ ಸಾಧ್ಯತೆ 6ರಲ್ಲಿ 1, ಮತ್ತೆ 6ರಲ್ಲಿ 1. ಅಂದ್ರೆ 36ರಲ್ಲಿ 1, ಹತ್ತಿರ ಹತ್ತಿರ 0.028. ಮೂರೇ ಜನಕ್ಕೆ 0.05ರ ಕೆಳಗೆ ಹೋಯ್ತು! ಇಬ್ಬರೇ ಇದ್ದರೆ 6ರಲ್ಲಿ 1ಕ್ಕಿಂತ ಕೆಳಗೆ ಹೋಗೋದೇ ಇಲ್ಲ, ಆಗ ಟೆಸ್ಟ್ ಹಾಕೋದೇ ವ್ಯರ್ಥ. ಜನ ಕಮ್ಮಿ ಇದ್ದಾಗ ಕೆಡೋದು ಟೆಸ್ಟ್ ಅಲ್ಲ, ಪಿ ಬೆಲೆ ತೆಗೆಯೋಕೆ ಬಳಸೋ ಕೈ-ಸ್ಕ್ವೇರ್ ಅಂದಾಜು. ಆ ಮೂವರಿಗೇ ಅದು 0.028ರ ಬದಲು 0.0498 ತೋರಿಸುತ್ತೆ. ಅದಕ್ಕೇ ಹಳೆ ಪುಸ್ತಕಗಳ ಹಿಂದೆ ಬೇರೆ ಕೋಷ್ಟಕ ಇರುತ್ತೆ. ಹತ್ತು ಜನ, ಮೂರು ಸ್ಥಿತಿಗೆ ಅಲ್ಲಿ ಗಡಿ 6.2. ಕೈ-ಸ್ಕ್ವೇರ್‌ನದ್ದು 5.99. 10.16 ಎರಡನ್ನೂ ದಾಟಿದೆ.

ಇಮ್ತಿಯಾಜ್ (ಹುಬ್ಬಳ್ಳಿ)

ನಾ ಫಿಸಿಯೋಥೆರಪಿಸ್ಟ್ ಇದ್ದೀನ್ರಿ. ನನ್ನದೂ ಇಂಥದ್ದೇ ಲೆಕ್ಕ. ಮೊಣಕಾಲು ನೋವಿನ 24 ಮಂದಿ. ಮೊದಲನೇ ದಿನ, ಎರಡನೇ ವಾರ, ಆರನೇ ವಾರ ನೋವು ಎಷ್ಟೈತಿ ಅಂತ 0ಯಿಂದ 10ರವರೆಗೆ ಕೇಳೀನಿ. ಏಳು ಮಂದಿ ಆರನೇ ವಾರ ಬರಲೇ ಇಲ್ಲ. ಆರ್ ಏನೂ ತಕರಾರು ಮಾಡದೆ ಉತ್ತರ ಕೊಡ್ತದ. ನಂಬಬಹುದೇನ್ರಿ?

ವಸುಧಾ (ಮೈಸೂರು)

ಇಮ್ತಿಯಾಜ್ ಅವರೇ, ತಕರಾರು ಮಾಡದೆ ಇರೋದೇ ಅಪಾಯ. `friedman.test` ಒಂದು ಖಾನೆ ಖಾಲಿ ಇದ್ದರೂ ಆ ವ್ಯಕ್ತಿಯ ಇಡೀ ಸಾಲನ್ನ ತೆಗೆದುಹಾಕುತ್ತೆ. ನಿಮಗೆ ಸಿಕ್ಕ ಉತ್ತರ 17 ಜನರದ್ದು, 24 ಜನರದ್ದಲ್ಲ. ಆ ಏಳು ಜನ ಮೊದಲೆರಡು ಸಲ ಕೊಟ್ಟ ಅಂಕಗಳೂ ಹೋದವು.

ಲೆಕ್ಕಕ್ಕಿಂತ ಮುಂಚೆ ಅವರು ಯಾಕೆ ಬರಲಿಲ್ಲ ಅಂತ ಕೇಳಿ. ನೋವು ಹೋಯ್ತು ಅಂತ ಬಿಟ್ಟರೋ, ಪ್ರಯೋಜನ ಇಲ್ಲ ಅಂತ ಬಿಟ್ಟರೋ? ಎರಡರಲ್ಲಿ ಯಾವುದಾದರೂ ಉಳಿದ 17 ಜನ ಎಲ್ಲರ ಪರವಾಗಿ ಮಾತಾಡಲ್ಲ. ಖಾಲಿ ಖಾನೆಗಳ ಜೊತೆಗೇ ಲೆಕ್ಕ ಹಾಕೋ ಸ್ಕಿಲ್ಲಿಂಗ್ಸ್-ಮ್ಯಾಕ್ ಅಂತ ಇದೇ ಜಾತಿಯ ಟೆಸ್ಟ್ ಇದೆ. ಆದ್ರೆ ಬಸ್ ತಪ್ಪಿತು, ಮಳೆ ಬಂತು ಅಂತ ನೋವಿಗೆ ಸಂಬಂಧ ಇಲ್ಲದ ಕಾರಣಕ್ಕೆ ಬಿಟ್ಟಿದ್ದರೆ ಮಾತ್ರ ಅದು ಕೈ ಹಿಡಿಯುತ್ತೆ.

ಇಮ್ತಿಯಾಜ್ (ಹುಬ್ಬಳ್ಳಿ)

ಫೋನ್ ಮಾಡಿ ಕೇಳ್ತೀನ್ರಿ ಮೇಡಂ. ಮೂರು ಮಂದಿ ಊರ ಕಡೆ ಸುಗ್ಗಿಗೆ ಹೋಗ್ಯಾರಂತ ಗೊತ್ತೈತಿ. ಉಳಿದ ನಾಲ್ಕು ಮಂದಿ ಗೊತ್ತಿಲ್ಲ.

ಪ್ರಶಾಂತ್ (ತುಮಕೂರು)

ನಾನೂ ಇದನ್ನೇ ಹಾಕ್ತೀನಿ ಹಾಗಾದ್ರೆ. ಮೂರು ಹಾಸ್ಟೆಲ್‌ನಲ್ಲಿ ತಲಾ 15 ಹುಡುಗರಿಗೆ ಊಟ ಹೇಗಿದೆ ಅಂತ ಅಂಕ ಕೇಳಿದ್ದೇನೆ. ಮೂರು ಕಾಲಂ, 15 ಸಾಲು ಇದೆ. ಸರಿ ಅಲ್ವಾ?

ಮಂಜುನಾಥ (ದಾವಣಗೆರೆ)

ಬೇಡ ಪ್ರಶಾಂತ್. ನಿಮ್ಮ ಮೊದಲನೇ ಸಾಲಿನಲ್ಲಿರೋ ಮೂವರು ಒಬ್ಬರಿಗೊಬ್ಬರು ಏನೂ ಆಗಬೇಕಿಲ್ಲ. ಒಂದು ಕಾಲಂನ ಹುಡುಗರನ್ನ ಮೇಲೆ ಕೆಳಗೆ ಮಾಡಿದ್ರೂ ಅರ್ಥ ಬದಲಾಗಲ್ಲ. ಆದ್ರೆ ಫ್ರೀಡ್‌ಮನ್ ಉತ್ತರ ಬದಲಾಗಿಬಿಡುತ್ತೆ. ಸಹನಾ ಅವರಿಗೆ ತಪ್ಪಾಗಿದ್ದ ಕ್ರುಸ್ಕಲ್-ವಾಲಿಸ್ಸೇ ನಿಮಗೆ ಸರಿ.

ವಸುಧಾ (ಮೈಸೂರು)

ಮಂಜುನಾಥ್, ಇದಕ್ಕಿಂತ ಸರಳವಾಗಿ ನಾನೂ ಹೇಳ್ತಿರಲಿಲ್ಲ.

ಸಹನಾ (ಹಾಸನ)

ಮುಂದಿನ ಪ್ರಶ್ನೆ. ಮೂರರಲ್ಲಿ ಎಲ್ಲೋ ವ್ಯತ್ಯಾಸ ಇದೆ ಅಂತ ಗೊತ್ತಾಯ್ತು. ಯಾವುದಕ್ಕೂ ಯಾವುದಕ್ಕೂ? ಜೋಡಿ ಜೋಡಿಯಾಗಿ ವಿಲ್ಕಾಕ್ಸನ್ ಹಾಕಿದೆ. 20 ಮತ್ತು 40ರ ನಡುವೆ 0.0083. 20 ಮತ್ತು 0 ನಡುವೆ 0.0187. 0 ಮತ್ತು 40ರ ನಡುವೆ 0.46. ಮೂರು ಸಲ ಟೆಸ್ಟ್ ಮಾಡಿದ್ದಕ್ಕೆ ನಮ್ಮ ಗೈಡ್ ಬಾನ್‌ಫೆರೋನಿ ಹಾಕಿ, ಪ್ರತಿಯೊಂದನ್ನೂ ಮೂರರಿಂದ ಗುಣಿಸಿ ಅಂದ್ರು. 0.0187 ಗುಣಿಸಿದ್ರೆ 0.056. ಅಂದ್ರೆ ನನ್ನ ಮುಖ್ಯ ಮಾತೇ ಬಿದ್ದುಹೋಯ್ತು!

ಮಂಜುನಾಥ (ದಾವಣಗೆರೆ)

ಹೋಮ್ ವಿಧಾನ ಹಾಕಿ. ಅತಿ ಚಿಕ್ಕದನ್ನ 3ರಿಂದ, ಅದರ ಮುಂದಿನದನ್ನ 2ರಿಂದ, ಕೊನೆಯದನ್ನ 1ರಿಂದ ಗುಣಿಸೋದು. 0.025, 0.037, 0.46. ಎರಡೂ ಗೆದ್ದವು. ಇದರಲ್ಲಿ ಕಳ್ಳದಾರಿ ಏನಿಲ್ಲ. ಬಾನ್‌ಫೆರೋನಿ ಕೊಡುವ ರಕ್ಷಣೆಯನ್ನೇ ಹೋಮ್ ಕೂಡ ಕೊಡುತ್ತೆ, ಸುಮ್ನೆ ಬಿಗಿ ಮಾಡಲ್ಲ. ಆರ್‌ನಲ್ಲಿ `pairwise.wilcox.test` ಏನೂ ಹೇಳದಿದ್ರೆ ಹಾಕೋದೂ ಅದನ್ನೇ.

ವಸುಧಾ (ಮೈಸೂರು)

ಹೋಮ್ ಬಗ್ಗೆ ಮಂಜುನಾಥ್ ಹೇಳಿದ್ದು ಪೂರ್ತಿ ಸರಿ. ನನ್ನ ಅನುಮಾನ ಇರೋದು ವಿಲ್ಕಾಕ್ಸನ್ ಮೇಲೆ.

ಮೊದಲ ದಿನ ಅವರು ಫ್ರೀಡ್‌ಮನ್ ಅಂದ್ರೆ ಹಿಗ್ಗಿಸಿದ ವಿಲ್ಕಾಕ್ಸನ್ ಅಂದಿದ್ದರು. ಹಾಗಲ್ಲ. ಫ್ರೀಡ್‌ಮನ್ ಅನ್ನು ಎರಡೇ ಸ್ಥಿತಿಗೆ ಇಳಿಸಿದ್ರೆ ಸಿಗೋದು ಚಿಹ್ನೆ ಟೆಸ್ಟ್. ಎಷ್ಟು ಜನ ಇದನ್ನ ಮೇಲು ಅಂದ್ರು, ಎಷ್ಟು ಜನ ಅದನ್ನ ಅಂದ್ರು, ಅಷ್ಟೇ. ವಿಲ್ಕಾಕ್ಸನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಜನರ ನಡುವೆ ಹೋಲಿಸುತ್ತೆ. 8ನೇ ವ್ಯಕ್ತಿ 3ರಿಂದ 6ಕ್ಕೆ ಹಾರಿದ ಮೂರು ಅಂಕ, 1ನೇ ವ್ಯಕ್ತಿ 7ರಿಂದ 9ಕ್ಕೆ ಏರಿದ ಎರಡು ಅಂಕಕ್ಕಿಂತ ದೊಡ್ಡದು ಅಂತ ಅದು ನಂಬುತ್ತೆ. ನಾಲಿಗೆ ರುಚಿಗೆ ಕೊಟ್ಟ ಅಂಕದಲ್ಲಿ ಹಾಗೆ ಹೇಳಬಹುದಾ? ಹಾಗೆ ಹೇಳೋಕಾಗಲ್ಲ ಅಂತಾನೇ ಅಲ್ವಾ ನಾವು ಫ್ರೀಡ್‌ಮನ್‌ಗೆ ಬಂದದ್ದು?

ಅದಕ್ಕೆ ನನಗೆ ಹಿಡಿಸೋದು ಅದೇ ರ‍್ಯಾಂಕ್ ಮೊತ್ತಗಳ ಮೇಲೆ ನಿಲ್ಲೋ ನೆಮೆನ್ಯಿ ಟೆಸ್ಟ್. ಹತ್ತು ಜನ, ಮೂರು ಸ್ಥಿತಿಗೆ ಎರಡು ಮೊತ್ತಗಳ ಅಂತರ 10.48 ದಾಟಬೇಕು. 28ಕ್ಕೂ 16.5ಕ್ಕೂ ಅಂತರ 11.5. 28ಕ್ಕೂ 15.5ಕ್ಕೂ 12.5. ಎರಡೂ ದಾಟಿವೆ. 0 ಮತ್ತು 40ರ ನಡುವೆ ಇರೋದು 1 ಮಾತ್ರ.

ಮಂಜುನಾಥ (ದಾವಣಗೆರೆ)

ಒಪ್ಪಲ್ಲ ಮೇಡಂ. ನೆಮೆನ್ಯಿಯಲ್ಲಿ 0 ಮತ್ತು 20ರ ಹೋಲಿಕೆ, ಮೂರನೇ ಕಾಫಿ ಎಲ್ಲಿ ಕೂತಿದೆ ಅನ್ನೋದರ ಮೇಲೆ ನಿಂತಿರುತ್ತೆ. 40ರ ಬದಲು ಬೇರೇನೋ ಕೊಟ್ಟಿದ್ದರೆ ಮೊದಲೆರಡರ ಅಂತರವೂ ಬದಲಾಗ್ತಿತ್ತು. ವಿಲ್ಕಾಕ್ಸನ್‌ನಲ್ಲಿ ಆ ತೊಂದರೆ ಇಲ್ಲ. ಆ ಎರಡನ್ನೇ ನೋಡುತ್ತೆ.

ವಸುಧಾ (ಮೈಸೂರು)

ಅದು ನಿಜ. ಮೂರನೆಯದರ ನೆರಳು ಬೀಳುತ್ತೆ. ಎರಡರಲ್ಲಿ ಯಾವುದು ಕಮ್ಮಿ ಕೆಟ್ಟದ್ದು ಅನ್ನೋದು ನಮ್ಮಿಬ್ಬರ ನಡುವೆ ಇವತ್ತು ತೀರಲ್ಲ. ಸಹನಾ ಅವರೇ, ಒಂದನ್ನ ಆರಿಸಿ, ಯಾಕೆ ಆರಿಸಿದೆ ಅಂತ ಒಂದು ಸಾಲು ಬರೀರಿ. ಎಲ್ಲವನ್ನೂ ಹಾಕಿ ನೋಡಿ ಗೆದ್ದದ್ದನ್ನ ಮಾತ್ರ ತೋರಿಸಬೇಡಿ. ಜೊತೆಗೆ ಕೆಂಡಾಲ್ ಡಬ್ಲ್ಯೂ ಕೊಡಿ: 10.158ನ್ನ 20ರಿಂದ ಭಾಗಿಸಿದ್ರೆ 0.51. ಎಲ್ಲರೂ ಒಂದೇ ಕ್ರಮ ಕೊಟ್ಟಿದ್ದರೆ 1 ಬರ್ತಿತ್ತು. ಜನರ ಒಮ್ಮತ ಎಷ್ಟಿದೆ ಅನ್ನೋದು ಪಿ ಬೆಲೆಗಿಂತ ಇದರಲ್ಲಿ ಚೆನ್ನಾಗಿ ಕಾಣುತ್ತೆ.

ಗಣಪಯ್ಯ (ಸಕಲೇಶಪುರ)

ನನಗೆ ನಿಮ್ಮ ಲೆಕ್ಕ ಬರಲ್ಲ. ಕಾಫಿ ಬೆಳೆಯೋನು, ಮಾರೋಕೆ ಮುಂಚೆ ರುಚಿ ನೋಡಿ ಅಭ್ಯಾಸ. ಒಂದು ಕೇಳಬೇಕು. ಮಗಳೇ, ಜನ ಯಾವುದನ್ನ ಮೊದಲು ಕುಡಿದ್ರು? ಚಿಕೋರಿ ಜಾಸ್ತಿ ಇರೋದು ಕುಡಿದ ಮೇಲೆ ಆ ಕಹಿ ನಾಲಿಗೆ ಮೇಲೆ ಬಹಳ ಹೊತ್ತು ಕೂತಿರುತ್ತೆ. ಬೆಳಿಗ್ಗೆಯ ಮೊದಲ ಗುಟುಕು ಬೇರೆ, ಮೂರನೆಯದು ಬೇರೆ.

ಸಹನಾ (ಹಾಸನ)

ಅಂಕಲ್, ಎಲ್ಲರಿಗೂ 0, 20, 40 ಅಂತ ಒಂದೇ ಕ್ರಮದಲ್ಲಿ ಕೊಟ್ಟೆ. ನಡುವೆ ನೀರು ಕೊಟ್ಟಿದ್ದೆ. ಅದು ಸಾಲದಾ?

ವಸುಧಾ (ಮೈಸೂರು)

ಅಯ್ಯೋ. ಇದನ್ನ ನಾನು ಮೊದಲನೇ ದಿನವೇ ಕೇಳಬೇಕಿತ್ತು. ಗಣಪಯ್ಯನವರೇ, ಇಡೀ ಚರ್ಚೆಯ ಮುಖ್ಯ ಪ್ರಶ್ನೆ ನಿಮ್ಮದು.

ಸಹನಾ, 20ರದ್ದು ಎಲ್ಲರಿಗೂ ನಡುವಿನ ಲೋಟ. 0.0062 ಹೇಳೋದು ಕಾಲಂಗಳು ಒಂದೇ ಥರ ಇಲ್ಲ ಅಂತ ಮಾತ್ರ. ಗೆದ್ದದ್ದು ಇಪ್ಪತ್ತು ಪರ್ಸೆಂಟ್ ಚಿಕೋರಿಯೋ, ಎರಡನೇ ಲೋಟವೋ? ಎರಡೂ ಪೂರ್ತಿ ಒಂದಕ್ಕೊಂದು ಅಂಟಿಕೊಂಡಿವೆ. ಅದನ್ನ ಬಿಡಿಸೋ ಟೆಸ್ಟ್ ಇಲ್ಲ. ಮೊದಲ ಲೋಟ ಬಿಸಿ ಜಾಸ್ತಿ ಇದ್ದಿರಬಹುದು, ಮೂರನೆಯದರ ಹೊತ್ತಿಗೆ ಬಾಯಿ ಸೋತಿರಬಹುದು.

ಮೂರು ಲೋಟವನ್ನ ಆರು ಕ್ರಮದಲ್ಲಿ ಕೊಡಬಹುದು. ಹನ್ನೆರಡು ಜನ ಸಿಕ್ಕರೆ ಪ್ರತಿ ಕ್ರಮಕ್ಕೂ ಇಬ್ಬರು. ಆಗ ಪ್ರತಿ ಕಾಫಿಯೂ ಮೊದಲು, ನಡುವೆ, ಕೊನೆಗೆ ಸಮವಾಗಿ ನಾಲ್ಕು ನಾಲ್ಕು ಸಲ ಬರುತ್ತೆ. ಹತ್ತು ಜನಕ್ಕೆ ಇದು ಸರಿಸಮ ಆಗಲ್ಲ.

ಸಹನಾ (ಹಾಸನ)

ಬೇಜಾರಾಯ್ತು ಮೇಡಂ, ಆದ್ರೆ ಈಗಲೇ ಗೊತ್ತಾಗಿದ್ದು ಒಳ್ಳೇದು. ಮತ್ತೆ ಮಾಡ್ತೀನಿ. ಹಳೇ ಹತ್ತು ಸಾಲು, ಹೊಸ ಹನ್ನೆರಡು ಸಾಲು ಸೇರಿಸಿ 22 ಮಾಡಬಹುದಾ? ಅದರಲ್ಲಿ ಏಳು ಜನ ಅವರೇ ಇರ್ತಾರೆ.

ವಸುಧಾ (ಮೈಸೂರು)

ಬೇಡ. ಅವರೇ ಏಳು ಜನ ಎರಡೆರಡು ಸಾಲಾದರೆ ಸಾಲುಗಳು ಒಂದಕ್ಕೊಂದು ಸಂಬಂಧ ಇಲ್ಲದವು ಅನ್ನೋ ಮಾತು ಮುರಿಯುತ್ತೆ. ಟೆಸ್ಟ್ ನಿಂತಿರೋದೇ ಅದರ ಮೇಲೆ. ಹಳೇದನ್ನ ಮೊದಲ ಪ್ರಯತ್ನ ಅಂತ ಬೇರೆಯಾಗಿ ವರದಿಯಲ್ಲಿ ಇಡಿ, ಕ್ರಮದ ತೊಂದರೆಯನ್ನೂ ಬರೀರಿ.

ಗಣಪಯ್ಯ (ಸಕಲೇಶಪುರ)

ಲೋಟಕ್ಕೆ ಹೆಸರು ಬರೀಬೇಡಮ್ಮ. ಯಾವುದು ಏನು ಅಂತ ಕುಡಿಯೋರಿಗೂ ಕೊಡೋರಿಗೂ ಗೊತ್ತಾಗಬಾರದು. ಡಿಕಾಕ್ಷನ್ ಮೂರೂ ಒಂದೇ ಹೊತ್ತಿಗೆ ಇಳಿಸು. ನಡುವೆ ಬರೀ ನೀರು ಸಾಲದು, ಒಂದು ತುಂಡು ಸಪ್ಪೆ ಬ್ರೆಡ್ ಕೊಟ್ಟು ಹತ್ತು ನಿಮಿಷ ಬಿಡು.

ಸಹನಾ (ಹಾಸನ)

ಸರಿ ಅಂಕಲ್. ಲೋಟಕ್ಕೆ ಮೂರಂಕಿಯ ನಂಬರ್ ಹಚ್ತೀನಿ. ಹನ್ನೊಂದು ಜನ ಒಪ್ಪಿದ್ದಾರೆ, ಇನ್ನೊಬ್ಬರು ಬೇಕು. ಶನಿವಾರ ಬೆಳಿಗ್ಗೆ ಮಾಡ್ತೀನಿ, ಸಂಜೆ ಅಂಕಗಳನ್ನ ಇಲ್ಲೇ ಹಾಕ್ತೀನಿ.